ಐಸ್ ಟ್ರೇ ಫ್ರೀಜರ್ ತಳಕ್ಕೆ ಕಚ್ಚಿಕೊಂಡಿದೆ. ಟ್ರೇ ಒಡೆಯದೆ, ಫ್ರೀಜರ್ ಕೆಡದೆ ಬಿಡಿಸುವುದು ಹೇಗೆ?

ವಿಜಯನಗರ ಬಾಡಿಗೆಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಸಿಂಗಲ್ ಡೋರ್ ಫ್ರಿಜ್. ಮನೆ ಜೊತೆಗೇ ಓನರ್ ಕೊಟ್ಟಿರುವುದು. ಮೇಲ್ಗಡೆ ಫ್ರೀಜರ್ ಅಲ್ಯೂಮಿನಿಯಂ ಪೆಟ್ಟಿಗೆ ಥರ ಇದೆ, ಅದಕ್ಕೊಂದು ಪ್ಲಾಸ್ಟಿಕ್ ಬಾಗಿಲು. ನಿನ್ನೆ ಮಳೆಗೆ ಮಧ್ಯಾಹ್ನ ಹೋದ ಕರೆಂಟ್ ರಾತ್ರಿ ಬಂತು. ಇವತ್ತು ಬೆಳಿಗ್ಗೆ ನೋಡಿದರೆ ಐಸ್ ಟ್ರೇ ತಳಕ್ಕೆ ಅಂಟಿಕೊಂಡು ಕೂತಿದೆ. ಅದರ ಪಕ್ಕದಲ್ಲಿ ತೆಂಗಿನತುರಿ ಇಟ್ಟಿದ್ದ ಸಣ್ಣ ಸ್ಟೀಲ್ ಡಬ್ಬಿಯೂ ಹಾಗೇ. ಟ್ರೇ ಗಟ್ಟಿ ಪ್ಲಾಸ್ಟಿಕ್ಕಿನದು, ಎಳೆದರೆ ಅಂಚು ಚಟಚಟ ಅನ್ನುತ್ತದೆ. ಅದಕ್ಕೇ ಎಳೆಯುವುದು ಬಿಟ್ಟೆ. ಯಜಮಾನರು ಚಾಕು ಹಾಕಿ ಎಬ್ಬಿಸೋಣ ಅಂತಿದ್ದಾರೆ. ಫ್ರಿಜ್ ನಮ್ಮದಲ್ಲ, ಏನಾದರೂ ಆದರೆ ಅಡ್ವಾನ್ಸಲ್ಲಿ ಹಿಡಿದುಕೊಳ್ಳುತ್ತಾರೆ. ಏನು ಮಾಡಲಿ?

ಜಯನಗರ ನಾಲ್ಕನೇ ಬ್ಲಾಕ್
ಇದು ಸುಲಭ. ಟ್ರೇಯನ್ನು ತಲೆಕೆಳಗೆ ಮಾಡಿ ಹಿಂಭಾಗಕ್ಕೆ ನಲ್ಲಿ ನೀರು ಬಿಡಿ. ಆಮೇಲೆ ಎರಡೂ ತುದಿ ಹಿಡಿದು ಸ್ವಲ್ಪ ತಿರುಚಿ. ತುಂಡುಗಳು ಟಪಟಪ ಬೀಳುತ್ತವೆ.

ವಿಜಯನಗರ ಬಾಡಿಗೆಮನೆ
ತುಂಡುಗಳು ಟ್ರೇಗೆ ಅಂಟಿಲ್ಲ ಸರ್. ಟ್ರೇನೇ ಫ್ರೀಜರಿಗೆ ಅಂಟಿದೆ. ನಲ್ಲಿ ತನಕ ತರೋಕೆ ಆಗ್ತಿಲ್ಲ, ಅದೇ ತೊಂದರೆ.

ಜಯನಗರ ನಾಲ್ಕನೇ ಬ್ಲಾಕ್
ಓ, ಹಾಗಾ! ಸರಿಯಾಗಿ ಓದಲಿಲ್ಲ ನಾನು. ಹಾಗಾದರೆ ಗೊತ್ತಿರುವವರು ಹೇಳಲಿ.

ಹೆಬ್ಬಾಳ ಹೊಸಬ
ಟ್ರೇ ಸುತ್ತ ಕಲ್ಲುಪ್ಪು ಸುರಿದುಬಿಡಿ. ಉಪ್ಪು ಬಿದ್ದ ಕಡೆ ಐಸ್ ತಾನಾಗಿ ಕರಗುತ್ತದೆ. ಫ್ರಿಜ್ ಆಫ್ ಮಾಡೋದೂ ಬೇಡ. ಹಾಸ್ಟೆಲಲ್ಲಿ ನಾವು ಹೀಗೇ ಮಾಡುತ್ತಿದ್ದೆವು.

ಯಶವಂತಪುರ ಫ್ರಿಜ್ ರಿಪೇರಿ
ಅಮ್ಮಾ, ಮೊದಲು ಆ ಚಾಕು ಅಡುಗೆಮನೆಗೆ ವಾಪಸ್ ಹೋಗಲಿ. ಉಪ್ಪೂ ಬೇಡ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಫ್ರೀಜರ್ ಪೆಟ್ಟಿಗೆ ಬರೀ ಪೆಟ್ಟಿಗೆ ಅಲ್ಲ. ಫ್ರಿಜ್ಜಿಗೆ ತಂಪು ಕೊಡುವ ಕಾಯಿಲ್ ಅದೇ. ಎರಡು ತೆಳು ಅಲ್ಯೂಮಿನಿಯಂ ಹಾಳೆ ಒಂದಕ್ಕೊಂದು ಅಂಟಿಸಿ, ನಡುವೆ ಗ್ಯಾಸ್ ಓಡಾಡೋಕೆ ದಾರಿ ಬಿಟ್ಟಿರುತ್ತಾರೆ. ತಳದ ಮೇಲೆ ಕೈ ಆಡಿಸಿದರೆ ಉಬ್ಬಿದ ಗೆರೆಗಳು ಸಿಗುತ್ತವೆ ನೋಡಿ, ಅದೇ ಗ್ಯಾಸ್ ದಾರಿ. ಕೆಲವು ಪೆಟ್ಟಿಗೆಯಲ್ಲಿ ಉಬ್ಬು ಹೊರಮೈಗೆ ಇರುತ್ತದೆ, ಒಳಗೆ ನುಣ್ಣಗೆ ಕಾಣುತ್ತದೆ. ಆದರೂ ದಾರಿ ಅಲ್ಲೇ ಇರುತ್ತದೆ. ಚಾಕುವಿನ ತುದಿ ಐಸ್ ಮೇಲೆ ಜಾರಿ ಆ ಗೆರೆಗೆ ತಾಗಿದರೆ ಸುಯ್ ಅಂತ ಸದ್ದು ಬರುತ್ತದೆ. ಅಷ್ಟೇ, ಗ್ಯಾಸ್ ಹೋಯಿತು. ಸೂಜಿ ಮೊನೆಯಷ್ಟು ತೂತು ಸಾಕು. ಅದನ್ನು ಮುಚ್ಚಿ ಮತ್ತೆ ಗ್ಯಾಸ್ ತುಂಬಿದರೂ ಬಾಳಿಕೆ ಬರುತ್ತದೆ ಅಂತ ಹೇಳೋಕಾಗಲ್ಲ. ಎಷ್ಟೋ ಸಲ ಪೆಟ್ಟಿಗೆಯನ್ನೇ ಬದಲಾಯಿಸಬೇಕಾಗುತ್ತದೆ. ನಮ್ಮ ಅಂಗಡಿಗೆ ತಂಪಾಗ್ತಿಲ್ಲ ಅಂತ ಬರುವ ಸಿಂಗಲ್ ಡೋರ್‌ಗಳಲ್ಲಿ ಚಾಕು, ಸ್ಕ್ರೂಡ್ರೈವರ್ ತಾಗಿಸಿಕೊಂಡು ಬಂದವು ಆಗಾಗ ಸಿಗುತ್ತಲೇ ಇರುತ್ತವೆ.

ಇನ್ನು ಉಪ್ಪು. ತಮ್ಮಾ, ಉಪ್ಪಿಗೆ ಐಸ್ ಕರಗುತ್ತದೆ, ಅದು ನಿಜ. ಆದರೆ ಉಪ್ಪುನೀರು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಬಿಳಿ ಪುಡಿ ಎದ್ದು ಸಣ್ಣ ಸಣ್ಣ ಗುಳಿ ಬೀಳುತ್ತವೆ. ಒಂದೇ ದಿನಕ್ಕೆ ಗೊತ್ತಾಗಲ್ಲ, ಮುಂದೆ ಎಂದೋ ಒಂದು ಗುಳಿ ಗ್ಯಾಸ್ ದಾರಿ ತನಕ ಇಳಿಯುತ್ತದೆ. ಯಾರಾದರೂ ಉಪ್ಪು ಹಾಕಿದ್ದರೆ ಗಾಬರಿ ಬೇಡ. ಐಸ್ ತೆಗೆದ ಮೇಲೆ ಬರೀ ನೀರಲ್ಲಿ ಅದ್ದಿದ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ, ಮೂಲೆಗಳಲ್ಲೂ ಒರೆಸಿ, ಒಣಗಿಸಿ.

ಬಿಡಿಸುವ ಕ್ರಮ ಸಂಜೆ ಬರೆಯುತ್ತೇನೆ, ಈಗ ಕೆಲಸದ ಮೇಲಿದ್ದೇನೆ. ಅಲ್ಲಿಯತನಕ ಯಾರೂ ಅದನ್ನು ಎಳೆಯಬೇಡಿ.

ಹೆಬ್ಬಾಳ ಹೊಸಬ
ಸರಿ ಅಣ್ಣಾ. ಗುಳಿ ಬೀಳೋದು ಗೊತ್ತಿರಲಿಲ್ಲ. ಆದರೆ ನಮ್ಮ ಹಾಸ್ಟೆಲ್ ಫ್ರಿಜ್ಜಿಗೆ ಏನೂ ಆಗಿರಲಿಲ್ಲ.

ಬನಶಂಕರಿ ಮೇಷ್ಟ್ರು
ರಿಪೇರಿಯವರು ಹೇಳಿದ್ದು ಸರಿ. ಸಂಜೆ ತನಕ ನಾನೊಂದು ಲೆಕ್ಕ ಕೊಡುತ್ತೇನೆ. ಫಿಸಿಕ್ಸ್ ಪಾಠ ಮಾಡುವವನು, ಸುಮ್ನೆ ಇರೋಕಾಗಲ್ಲ.

ಟ್ರೇ ಅಂಟಿರುವುದು ಅದರೊಳಗಿನ ಐಸಿನಿಂದಲ್ಲ, ಕೆಳಗಿರುವ ತೆಳು ಪದರದಿಂದ. ಕರೆಂಟ್ ಇಲ್ಲದಾಗ ಮೇಲಿನ ಹಿಮ ಕರಗಿ ನೀರು ಟ್ರೇ ಅಡಿಗೆ ಹರಿದಿದೆ. ಕರೆಂಟ್ ಬಂದ ಮೇಲೆ ಅದೇ ಹೆಪ್ಪುಗಟ್ಟಿದೆ. ಟ್ರೇ 25 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, ಪದರ 1 ಮಿ.ಮೀ. ದಪ್ಪ ಅಂದುಕೊಳ್ಳಿ. ಅಲ್ಲಿರುವ ಐಸ್ ಹತ್ತಿರಹತ್ತಿರ 23 ಗ್ರಾಂ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಒಟ್ಟು ಎರಡು ಸಾವಿರ ಕ್ಯಾಲೊರಿಯೂ ಆಗುವುದಿಲ್ಲ. ಕಾಲು ಲೀಟರ್ ಬಿಸಿನೀರು 45 ಡಿಗ್ರಿಯಿಂದ 10 ಡಿಗ್ರಿಗೆ ಇಳಿದರೆ ಎಂಟು ಸಾವಿರ ಚಿಲ್ಲರೆ ಕೊಡುತ್ತದೆ. ಅಂದರೆ ಒಂದು ದೊಡ್ಡ ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಶಾಖ ಇದೆ. ಕುದಿಯುವ ನೀರು ಯಾಕೆ ಬೇಕು?

ಶಾಖ ಸರಿಯಾದ ಜಾಗಕ್ಕೆ ಹೋಗಬೇಕು, ಇರುವ ತೊಡಕು ಅಷ್ಟೇ. ಟ್ರೇ ಮೇಲೆ ನೀರು ಸುರಿದರೆ ಆ ಶಾಖವನ್ನೆಲ್ಲ ಒಳಗಿನ ಐಸ್ ತುಂಡುಗಳೇ ಕುಡಿಯುತ್ತವೆ. ಅಡಿಗೆ ಬಹಳ ಕಡಿಮೆ ತಲುಪುತ್ತದೆ.

ಯಶವಂತಪುರ ಫ್ರಿಜ್ ರಿಪೇರಿ
ಮೇಷ್ಟ್ರ ಮಾತು ನೂರಕ್ಕೆ ನೂರು ನಿಜ. ನಾವು ಟ್ರೇ ಬಿಸಿ ಮಾಡಲ್ಲ, ಪಕ್ಕದ ತಳವನ್ನು ಬಿಸಿ ಮಾಡುತ್ತೇವೆ. ಅಲ್ಯೂಮಿನಿಯಂ ಶಾಖವನ್ನು ಬೇಗ ಎಳೆದುಕೊಂಡು ಹೋಗುತ್ತದೆ. ಪಕ್ಕದಲ್ಲಿ ಕೊಟ್ಟ ಬೆಚ್ಚಗೆ ತಾನಾಗಿ ಟ್ರೇ ಅಡಿಗೆ ನುಗ್ಗುತ್ತದೆ.

ಈಗ ಕ್ರಮ ಕೇಳಿ. ಮೊದಲು ಪ್ಲಗ್ ಎಳೆದುಬಿಡಿ. ಫ್ರಿಜ್ ಓಡುತ್ತಿದ್ದರೆ ನೀವು ಕೊಟ್ಟ ಶಾಖವನ್ನು ಅದು ತೆಗೆಯುತ್ತಲೇ ಇರುತ್ತದೆ. ಹಾಲು, ಮೊಸರು ಕೆಳಗಿನ ತಟ್ಟೆಯಲ್ಲೇ ಇರಲಿ, ಅಷ್ಟು ಹೊತ್ತಿಗೆ ಏನೂ ಆಗಲ್ಲ. ಫ್ರೀಜರ್ ಅಡಿಯಲ್ಲಿ ನೀರು ಹಿಡಿಯುವ ಪ್ಲಾಸ್ಟಿಕ್ ತಟ್ಟೆ ಇರುತ್ತದಲ್ಲ, ಅದನ್ನು ಖಾಲಿ ಮಾಡಿ ವಾಪಸ್ ಇಡಿ. ಫ್ರಿಜ್ ಮುಂದೆ ನೆಲದ ಮೇಲೆ ಒಂದು ಹಳೇ ಟವೆಲ್ ಹಾಸಿ.

ಆಮೇಲೆ ಎರಡು ಹತ್ತಿ ಬಟ್ಟೆ ತೊಗೊಳ್ಳಿ, ಹಳೇ ಪಂಚೆ ತುಂಡಾದರೂ ಸರಿ. ಕೈ ಅದ್ದಿದರೆ ಹಿತವಾಗಿರಬೇಕು, ಅಷ್ಟು ಬಿಸಿಯ ನೀರಲ್ಲಿ ಅದ್ದಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ. ಉದ್ದಕ್ಕೆ ಮಡಚಿ ಟ್ರೇ ಎಡಕ್ಕೊಂದು ಬಲಕ್ಕೊಂದು, ಅಂಚಿಗೆ ಒತ್ತಿಕೊಂಡ ಹಾಗೆ ತಳದ ಮೇಲೆ ಇಡಿ. ಮೂರು ನಾಲ್ಕು ನಿಮಿಷಕ್ಕೆ ಬಟ್ಟೆ ತಣ್ಣಗಾಗುತ್ತದೆ. ಮತ್ತೆ ಅದ್ದಿ, ಹಿಂಡಿ, ಇಡಿ. ತಳದ ಮೇಲೆ ಹಿಮ ದಪ್ಪಗಿದ್ದರೆ ಬಟ್ಟೆ ಲೋಹಕ್ಕೆ ತಾಗಲ್ಲ, ಹಾಗಾಗಿ ಮೊದಲ ಒಂದೆರಡು ಸಲ ಏನೂ ಆಗ್ತಿಲ್ಲ ಅನಿಸುತ್ತದೆ. ಅದು ಕರಗಿ ಲೋಹ ಕಂಡ ಮೇಲೆ ಕೆಲಸ ಬೇಗ ಆಗುತ್ತದೆ.

ಒಳಗೆ ಜಾಗ ಇದ್ದರೆ ಮಡಚಿದ ಬಟ್ಟೆ ಮೇಲೆ ಬಿಸಿನೀರಿನ ಸಣ್ಣ ಪಾತ್ರೆಯೊಂದನ್ನೂ ಇಟ್ಟು ಫ್ರೀಜರ್ ಬಾಗಿಲು ಮುಚ್ಚಿ. ಪಾತ್ರೆ ಬರೀ ಲೋಹದ ಮೇಲೆ ಬೇಡ.

ಈಗ ಅಂಚನ್ನು ಗಮನಿಸಿ. ಅಂಟಿದ ಐಸ್ ಬೆಳ್ಳಗೆ, ಮಬ್ಬಾಗಿ ಇರುತ್ತದೆ. ಬಿಡುವ ಹೊತ್ತಿಗೆ ಅಂಚು ಗಾಜಿನ ಹಾಗೆ ತಿಳಿಯಾಗುತ್ತದೆ, ಟ್ರೇ ಸುತ್ತ ನೀರಿನ ಸಣ್ಣ ಗೆರೆ ಹೊಳೆಯುತ್ತದೆ. ಆಗ ಟ್ರೇಯನ್ನು ಮೇಲಕ್ಕೆ ಎತ್ತಬೇಡಿ. ಬುಡದ ಹತ್ತಿರ ಅಂಗೈ ಇಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತಳ್ಳಿ. ಟಕ್ ಅಂತ ಒಂದು ಸದ್ದು ಬಂದು ಟ್ರೇ ಕೂದಲೆಳೆಯಷ್ಟು ಜರುಗುತ್ತದೆ. ಜರುಗಿತು ಅಂದರೆ ಬಂತು ಅಂತಲೇ ಲೆಕ್ಕ. ಜರುಗದಿದ್ದರೆ ಬಲ ಹಾಕದೆ ಇನ್ನೊಂದು ಸುತ್ತು ಬಟ್ಟೆ. ಮೇಲಿನ ಅಂಚು ಹಿಡಿದು ಎತ್ತಿದರೆ ಬಲವೆಲ್ಲ ಅಂಚಿಗೇ ಬೀಳುತ್ತದೆ. ಗಟ್ಟಿ ಪ್ಲಾಸ್ಟಿಕ್ ತಣ್ಣಗಿದ್ದಾಗ ಬಾಗಲ್ಲ, ಸೀಳುತ್ತದೆ. ನಿಮಗೆ ಕೇಳಿಸಿದ ಚಟಚಟ ಅದೇ ಇರಬೇಕು.

ಸ್ಟೀಲ್ ಡಬ್ಬಿಯದು ಚಿಂತೆ ಇಲ್ಲ. ಸ್ಟೀಲಿಗೆ ಬಟ್ಟೆ ಸುತ್ತಿದರೂ ಬೆಚ್ಚಗೆ ಬುಡಕ್ಕೆ ಇಳಿಯುತ್ತದೆ. ಅದು ಬಂದ ಮೇಲೆ ತುರಿಯ ವಾಸನೆ ನೋಡಿ.

ಆರ್.ಟಿ. ನಗರ ಅವಸರದವರು
ಇಷ್ಟೆಲ್ಲ ಯಾಕೆ? ಹೇರ್ ಡ್ರೈಯರ್ ಹಿಡಿದರೆ ಐದು ನಿಮಿಷದ ಕೆಲಸ. ನಾನು ಯಾವಾಗಲೂ ಹಾಗೇ ಮಾಡೋದು. ಇವತ್ತಿನ ತನಕ ಏನೂ ಆಗಿಲ್ಲ.

ಯಶವಂತಪುರ ಫ್ರಿಜ್ ರಿಪೇರಿ
ಸರ್, ಕರಗಿದ ನೀರು ತೊಟ್ಟಿಕ್ಕುವ ಜಾಗದಲ್ಲಿ ಕರೆಂಟಿನ ಸಾಮಾನು ಕೈಯಲ್ಲಿ ಹಿಡಿಯೋದು ನನಗೆ ಸರಿ ಕಾಣಲ್ಲ. ಇನ್ನೊಂದು ವಿಷಯ. ಅದರ ಬಿಸಿ ಒಂದೇ ಕಡೆ ಬೀಳುತ್ತದೆ. ಲೋಹದ ಪೆಟ್ಟಿಗೆ ತಡೆದುಕೊಳ್ಳಬಹುದು, ಆದರೆ ಸುತ್ತಲಿನ ಪ್ಲಾಸ್ಟಿಕ್ ಒಳಮೈ ಮೆತ್ತಗಾಗಿ ಸೊಟ್ಟಗಾಗುತ್ತದೆ, ಬಾಗಿಲ ರಬ್ಬರ್ ಹಿಗ್ಗುತ್ತದೆ. ಆಮೇಲೆ ಬಾಗಿಲು ಸರಿಯಾಗಿ ಕೂರದೆ ಹಿಮ ಇನ್ನೂ ಜಾಸ್ತಿ ಕಟ್ಟುತ್ತದೆ. ಗಾಳಿಯೇ ಬೇಕು ಅಂದರೆ ಟೇಬಲ್ ಫ್ಯಾನ್ ಇಡಿ. ಎರಡಡಿ ದೂರದಲ್ಲಿ ಸ್ಟೂಲ್ ಮೇಲಿಟ್ಟು, ಫ್ರೀಜರ್ ಬಾಗಿಲು ತೆರೆದು, ಒಳಕ್ಕೆ ತಿರುಗಿಸಿ. ನಮ್ಮೂರ ರೂಮಿನ ಗಾಳಿಯೇ ಸಾಕು, ಬಿಸಿ ಬೇಕಿಲ್ಲ. ಒಂದು ಗಂಟೆ ಬೇಕಾಗಬಹುದು.

ಆರ್.ಟಿ. ನಗರ ಅವಸರದವರು
ಕಡಿಮೆ ಬಿಸಿಯಲ್ಲಿ, ದೂರದಿಂದ, ಆಡಿಸುತ್ತಾ ಹಿಡಿದರೆ ಏನೂ ಆಗಲ್ಲ ಅಂತ ಈಗಲೂ ಹೇಳುತ್ತೇನೆ. ನೀರಿನ ಮಾತು ಒಪ್ಪಿದೆ, ಮಕ್ಕಳಿರುವ ಮನೆಯಲ್ಲಿ ಬೇಡ.

ಬನಶಂಕರಿ ಮೇಷ್ಟ್ರು
ಫ್ಯಾನ್ ವಿಷಯಕ್ಕೆ ಒಂದು ಮಾತು. ಮಳೆಗಾಲದಲ್ಲಿ ಫ್ಯಾನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ತೇವದ ಗಾಳಿ ತಣ್ಣನೆ ಲೋಹಕ್ಕೆ ತಾಗಿ ನೀರಾದಾಗ ಅದೂ ಶಾಖ ಬಿಟ್ಟುಕೊಡುತ್ತದೆ. ಒರೆಸುವ ಕೆಲಸ ಮಾತ್ರ ಜಾಸ್ತಿ.

ವೈಟ್‌ಫೀಲ್ಡ್ ಏಳನೇ ಮಹಡಿ
ನಮ್ಮದು ಡಬಲ್ ಡೋರ್, ಫ್ರಾಸ್ಟ್ ಫ್ರೀ. ಒಳಗೆಲ್ಲ ಪ್ಲಾಸ್ಟಿಕ್, ನಡುವೆ ಗಾಜಿನ ತಟ್ಟೆ. ಗಾಜಿನ ಮೇಲೆ ದೋಸೆಹಿಟ್ಟಿನ ಗಾಜಿನ ಬೌಲ್ ಅಂಟಿದೆ. ನಾನೂ ಬಿಸಿ ಬಟ್ಟೆ ಹಾಕಲಾ? ಅದೂ ಅಲ್ಲದೆ ಕೆಳಗಿನ ತಳದಲ್ಲಿ ಗಾಜಿನ ಹಾಗೆ ಐಸ್ ಹರಡಿಕೊಂಡಿದೆ. ತೆಗೆದರೂ ಕೆಲವೇ ದಿನಕ್ಕೆ ಮತ್ತೆ ಬರುತ್ತದೆ.

ಯಶವಂತಪುರ ಫ್ರಿಜ್ ರಿಪೇರಿ
ಮೇಡಂ, ನಿಮ್ಮದು ಬೇರೆ ಕೇಸು. ಗಾಜಿಗೆ ಬಿಸಿ ತೋರಿಸಲೇಬೇಡಿ. ಅಷ್ಟು ತಣ್ಣಗಿರುವ ಗಾಜಿಗೆ ಒಂದು ಕಡೆ ಮಾತ್ರ ಬಿಸಿ ತಾಗಿದರೆ ಬಿರುಕು ಬಿಡಬಹುದು. ತಟ್ಟೆಯಾದರೂ ಹೋಗಬಹುದು, ಬೌಲಾದರೂ ಹೋಗಬಹುದು. ಆದರೆ ನಿಮಗೊಂದು ಅನುಕೂಲ ಇದೆ. ಗಾಜಿನ ತಟ್ಟೆ ಹೊರಗೆ ಬರುತ್ತದೆ. ಬೌಲ್ ಸಮೇತ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಗೆ ತನ್ನಿ. ಗ್ರಾನೈಟ್ ಕಟ್ಟೆ ಮೇಲೆ ದಪ್ಪ ಟವೆಲ್ ಹಾಸಿ ಅದರ ಮೇಲಿಟ್ಟು ಬಿಟ್ಟುಬಿಡಿ. ನೀರೂ ಬೇಡ, ಏನೂ ಬೇಡ. ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತದೆ.

ತಳದಲ್ಲಿ ಮತ್ತೆ ಮತ್ತೆ ಐಸ್ ಹಾಳೆ ಬರುವುದು ಬೇರೆ ಕಾಯಿಲೆ. ಫ್ರಾಸ್ಟ್ ಫ್ರೀಯಲ್ಲಿ ಹಿಂದಿನ ಪ್ಯಾನೆಲ್ ಒಳಗೆ ಕಾಯಿಲ್ ಇರುತ್ತದೆ. ಹೀಟರ್ ಅದರ ಮೇಲಿನ ಹಿಮವನ್ನು ಆಗಾಗ ಕರಗಿಸುತ್ತದೆ, ಆ ನೀರು ಒಂದು ತೂತಿನಿಂದ ಕೆಳಗಿಳಿದು ಕಂಪ್ರೆಸರ್ ಹತ್ತಿರದ ತಟ್ಟೆಗೆ ಹೋಗುತ್ತದೆ. ಆ ತೂತು ಕಟ್ಟಿಕೊಂಡರೆ ನೀರು ಫ್ರೀಜರ್ ತಳಕ್ಕೇ ಹರಿದು ಹಾಳೆಯಾಗುತ್ತದೆ. ಮೇಲಿಂದ ಕೆರೆದು ಪ್ರಯೋಜನ ಇಲ್ಲ, ಪ್ಲಾಸ್ಟಿಕ್ ತಳ ಬಿರುಕು ಬಿಡುತ್ತದೆ ಅಷ್ಟೇ. ಪ್ಯಾನೆಲ್ ಬಿಚ್ಚಿ ತೂತು ಬಿಡಿಸಬೇಕು. ವಯರ್‌ಗಳಿರುತ್ತವೆ, ಮೆಕ್ಯಾನಿಕ್ ಕರೆಸಿ.

ವೈಟ್‌ಫೀಲ್ಡ್ ಏಳನೇ ಮಹಡಿ
ಥ್ಯಾಂಕ್ಸ್ ಅಣ್ಣಾ. ತಟ್ಟೆ ಸಮೇತ ತೆಗೆಯಬಹುದು ಅಂತ ಹೊಳೆದೇ ಇರಲಿಲ್ಲ. ತೂತಿನ ವಿಷಯ ಮೆಕ್ಯಾನಿಕ್‌ಗೆ ಹಾಗೇ ಹೇಳುತ್ತೇನೆ.

ವಿಜಯನಗರ ಬಾಡಿಗೆಮನೆ
ಅಣ್ಣಾ, ಒಂದು ಅನುಮಾನ. ನಮ್ಮ ಫ್ರಿಜ್ ಒಳಗೆ ರೆಗ್ಯುಲೇಟರ್ ಗುಂಡಿ ನಡುವೆ ಒಂದು ಕೆಂಪು ಬಟನ್ ಇದೆ. ಡಿಫ್ರಾಸ್ಟ್ ಅಂತ ಬರೆದಿದೆ. ಪ್ಲಗ್ ಎಳೆಯುವ ಬದಲು ಅದನ್ನು ಒತ್ತಿದರೆ ಆಗಲ್ವಾ? ಇನ್ನೊಂದು, ಅಕಸ್ಮಾತ್ ಗ್ಯಾಸ್ ಲೀಕ್ ಆದರೆ ಏನು ಮಾಡಬೇಕು? ಯಜಮಾನರು ಚಾಕು ಬಿಟ್ಟಿದ್ದಾರೆ, ಆದರೂ ಕೇಳಿಟ್ಟುಕೊಳ್ಳೋಣ ಅಂತ.

ಯಶವಂತಪುರ ಫ್ರಿಜ್ ರಿಪೇರಿ
ಬಟನ್ ಒತ್ತಿದರೆ ಕಂಪ್ರೆಸರ್ ನಿಲ್ಲುತ್ತದೆ. ಹಿಮ ಕರಗಿ ಪೆಟ್ಟಿಗೆ ಬೆಚ್ಚಗಾದ ಮೇಲೆ ತಾನಾಗಿ ಮತ್ತೆ ಶುರುವಾಗುತ್ತದೆ. ರಾತ್ರಿ ಒತ್ತಿ ಮಲಗಿದರೆ ಬೆಳಿಗ್ಗೆಗೆ ಟ್ರೇ ಬಿಟ್ಟಿರಬಹುದು. ಆದರೆ ನೀವು ಮಲಗಿರುವಾಗಲೇ ಅದು ಮತ್ತೆ ಶುರುವಾಗಿ, ಅಡಿಯಲ್ಲಿ ನಿಂತ ನೀರು ಇನ್ನೊಮ್ಮೆ ಹೆಪ್ಪುಗಟ್ಟಬಹುದು. ಕರೆಂಟ್ ಹೋಗಿ ಬಂದಾಗ ಆಗಿದ್ದೇ ಮತ್ತೆ ಆಗುತ್ತದೆ. ಹಗಲಲ್ಲಿ ಪಕ್ಕದಲ್ಲಿದ್ದು ಮಾಡುವುದಾದರೆ ಬಟನ್ನೂ ಸರಿ. ಒದ್ದೆ ಬಟ್ಟೆ ಒಳಗೆ ಹೋಗುತ್ತದಲ್ಲ, ಅದಕ್ಕೆ ನಾನು ಪ್ಲಗ್ ಅಂದಿದ್ದು.

ಗ್ಯಾಸ್ ವಿಷಯ. ಫ್ರಿಜ್ ಹಿಂದೆ ಕಂಪ್ರೆಸರ್ ಹತ್ತಿರ ಸ್ಟಿಕ್ಕರ್ ನೋಡಿ. ಆರ್-600ಎ ಅಂತ ಇದ್ದರೆ ಅದು ಹೊತ್ತಿಕೊಳ್ಳುವ ಗ್ಯಾಸ್. ಪ್ರಮಾಣ ಕಡಿಮೆ, ಆದರೂ ಹುಷಾರು ಬೇಕು. ಸುಯ್ ಸದ್ದು ಕೇಳಿದರೆ ಒಲೆ ಹಚ್ಚಬೇಡಿ, ಸ್ವಿಚ್ ಮುಟ್ಟಬೇಡಿ, ಕಿಟಕಿ ಬಾಗಿಲು ತೆರೆದು ಆಚೆ ಹೋಗಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಮೆಕ್ಯಾನಿಕ್. ಆರ್-134ಎ ಅಂತ ಇದ್ದರೆ ಹೊತ್ತಿಕೊಳ್ಳಲ್ಲ, ಆದರೂ ಕಿಟಕಿ ತೆರೆಯಿರಿ.

ಮಲ್ಲೇಶ್ವರ ಹಳೇ ಮನೆ
ಮಗಳೇ, ಬಿಡಿಸೋದು ಇವರೆಲ್ಲ ಹೇಳಿದರು. ಅಂಟದ ಹಾಗೆ ನೋಡಿಕೊಳ್ಳುವುದನ್ನು ನಾನು ಹೇಳುತ್ತೇನೆ. ಟ್ರೇಗೆ ನೀರು ತುಂಬಿದ ಮೇಲೆ ಅದರ ಅಡಿಯನ್ನು ಒಣ ಬಟ್ಟೆಯಲ್ಲಿ ಒರೆಸದೆ ನಾನು ಒಳಗಿಡುವುದಿಲ್ಲ. ಕಂಠಪೂರ್ತಿ ತುಂಬುವುದೂ ಇಲ್ಲ. ನೀರು ಐಸಾಗುವಾಗ ಉಬ್ಬುತ್ತದೆ ನೋಡು, ಬೆರಳಗಲ ಅಲ್ಲದಿದ್ದರೂ ಉಗುರಗಲ ಬಿಡಬೇಕು. ತಳಕ್ಕೆ ಹಳೇ ಪ್ಲಾಸ್ಟಿಕ್ ಟೇಬಲ್ ಮ್ಯಾಟ್ ಕತ್ತರಿಸಿ ಹಾಸಿದ್ದೇನೆ. ಅಂಟಿದರೂ ಮ್ಯಾಟ್ ಸಮೇತ ಎಳೆದು ಹೊರಗೆ ಬಗ್ಗಿಸಿದರೆ ಬಿಡುತ್ತದೆ. ಕೆಲವರು ತಳಕ್ಕೆ ಗ್ಲಿಸರಿನ್ ಸವರುತ್ತಾರೆ, ನಾನು ಸವರಿಲ್ಲ.

ಯಶವಂತಪುರ ಫ್ರಿಜ್ ರಿಪೇರಿ
ಮ್ಯಾಟ್ ಹಾಕಿದರೆ ಐಸ್ ಕಟ್ಟೋದು ತಡ ಆಗುತ್ತದೆ ಅಮ್ಮಾ. ಟ್ರೇ ಲೋಹಕ್ಕೆ ತಾಗಿದ್ದರೆ ಬೇಗ ಕಟ್ಟುತ್ತದೆ, ನಡುವೆ ಪ್ಲಾಸ್ಟಿಕ್ ಬಂದರೆ ಶಾಖ ಹೋಗೋದು ನಿಧಾನ. ನಾನು ಮ್ಯಾಟ್ ಬೇಡ ಅನ್ನುವ ಕಡೆಯವನು.

ಮಲ್ಲೇಶ್ವರ ಹಳೇ ಮನೆ
ತಡ ಆದರೆ ಆಗಲಿ ಬಿಡಪ್ಪ. ನಮ್ಮನೆಯಲ್ಲಿ ಐಸ್ ಬೇಕಾಗುವುದು ಬೇಸಿಗೆಯಲ್ಲಿ ಪಾನಕಕ್ಕೆ. ಹಿಂದಿನ ರಾತ್ರಿಯೇ ಇಡುತ್ತೇನೆ.

ಆರ್.ಟಿ. ನಗರ ಅವಸರದವರು
ಮ್ಯಾಟ್ ವಿಷಯದಲ್ಲಿ ನಾನು ಅಮ್ಮನ ಕಡೆ.

ವಿಜಯನಗರ ಬಾಡಿಗೆಮನೆ
ಬಂತು! ಸಂಜೆ ಪ್ಲಗ್ ಎಳೆದು ಶುರು ಮಾಡಿದೆವು. ಮೊದಲ ಬಟ್ಟೆಗಳು ಸುಮ್ನೆ ತಣ್ಣಗಾದವು, ತಳದ ಹಿಮ ಅಷ್ಟು ದಪ್ಪ ಇತ್ತು. ಆಮೇಲೆ ಎಡಗಡೆ ಲೋಹ ಕಂಡಿತು. ಅಣ್ಣ ಹೇಳಿದ ಹಾಗೇ ಬಿಳಿ ಅಂಚು ತಿಳಿಯಾಗಿ, ಟ್ರೇ ಬುಡದಲ್ಲಿ ನೀರು ಹೊಳೆಯಿತು. ಬಲಗಡೆ ಇನ್ನೂ ಬೆಳ್ಳಗೇ ಇತ್ತು. ಅವರು ತಳ್ಳೋಕೆ ಹೋದರು, ನಾನು ತಡೆದು ಬಲಗಡೆಗೆ ಇನ್ನೂ ಎರಡು ಸಲ ಬಟ್ಟೆ ಇಟ್ಟೆ. ಆಮೇಲೆ ಅಂಗೈಯಿಂದ ತಳ್ಳಿದರೆ ಟಕ್ ಅಂದಿತು. ಟ್ರೇ ಪೂರ್ತಿ ಸರಿಯಾಗಿದೆ, ಒಳಗಿನ ಐಸ್ ಕೂಡ ಹಾಗೇ ಇತ್ತು! ಸ್ಟೀಲ್ ಡಬ್ಬಿ ಅದಕ್ಕಿಂತ ಮೊದಲೇ ಬಂತು. ತುರಿ ವಾಸನೆ ಬಂದಿತ್ತು, ಎಸೆದೆ.

ಟ್ರೇ ತೆಗೆದ ಮೇಲೆ ಅಡಿಯಲ್ಲಿ ಉಬ್ಬಿದ ಗೆರೆ ಕಂಡಿತು. ಚಾಕು ಹಾಕಬೇಕು ಅಂದಿದ್ದ ಜಾಗದಲ್ಲೇ ಹಾದುಹೋಗಿದೆ. ಅವರಿಗೂ ತೋರಿಸಿದೆ.

ಫ್ರೀಜರಿನ ಪ್ಲಾಸ್ಟಿಕ್ ಬಾಗಿಲ ಸ್ಪ್ರಿಂಗ್ ಹೋಗಿದೆ ಅಂತ ಈಗ ಗೊತ್ತಾಯಿತು, ಅರ್ಧ ತೆರೆದೇ ಇರುತ್ತದೆ. ಹಿಮ ಜಾಸ್ತಿ ಕಟ್ಟೋಕೆ ಅದೇ ಕಾರಣ ಇರಬಹುದಾ?

ಯಶವಂತಪುರ ಫ್ರಿಜ್ ರಿಪೇರಿ
ಹೌದಮ್ಮಾ, ಅದೇ. ಕೆಳಗಿನ ತೇವದ ಗಾಳಿ ಒಳಕ್ಕೆ ನುಗ್ಗಿ ಹಿಮ ಆಗ್ತಿದೆ. ಸ್ಪ್ರಿಂಗ್ ಸಣ್ಣ ಖರ್ಚು. ಮಾಡೆಲ್ ನಂಬರ್ ಬರೆದುಕೊಂಡು ಫ್ರಿಜ್ ಸ್ಪೇರ್ ಅಂಗಡಿಯಲ್ಲಿ ಕೇಳಿ. ಸ್ಪ್ರಿಂಗ್ ಸಿಗದಿದ್ದರೆ ಬಾಗಿಲೇ ಬದಲಾಯಿಸಬಹುದು. ಹಾಗೇ ಹೊರಗಿನ ಬಾಗಿಲ ರಬ್ಬರನ್ನೂ ನೋಡಿಬಿಡಿ. ಒಂದು ಹತ್ತು ರೂಪಾಯಿ ನೋಟು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸುಲಭವಾಗಿ ಜಾರಿದರೆ ಅಲ್ಲಿ ಗಾಳಿ ಹೋಗ್ತಿದೆ ಅಂತ. ಸುತ್ತಲೂ ನಾಲ್ಕು ಕಡೆ ನೋಡಿ. ಈಗ ಪೆಟ್ಟಿಗೆ ಪೂರ್ತಿ ಒಣಗಿಸಿ, ಆಮೇಲೆ ಪ್ಲಗ್ ಹಾಕಿ. ಮುಂದೆ ಹಿಮ ಅರ್ಧ ಸೆಂಟಿಮೀಟರ್ ಆದ ಕೂಡಲೇ ಡಿಫ್ರಾಸ್ಟ್ ಮಾಡಿಬಿಡಿ.

ವಿಜಯನಗರ ಬಾಡಿಗೆಮನೆ
ನೋಟು ಇಟ್ಟು ನೋಡಿದೆ. ಮೇಲ್ಗಡೆ ಬಿಗಿ ಇದೆ, ಕೆಳಗಿನ ಮೂಲೆಯಲ್ಲಿ ಜಾರುತ್ತದೆ. ರಬ್ಬರ್ ಬದಲಾಯಿಸಬೇಕಾದರೆ ಖರ್ಚು ಓನರ್‌ದಾ, ನಮ್ಮದಾ?

ಜಯನಗರ ನಾಲ್ಕನೇ ಬ್ಲಾಕ್
ಅಗ್ರಿಮೆಂಟಲ್ಲಿ ಫ್ರಿಜ್ ಬಗ್ಗೆ ಏನು ಬರೆದಿದೆ ನೋಡಿ. ಕೆಲವರು ರಿಪೇರಿ ಬಾಡಿಗೆಯವರದು ಅಂತ ಒಂದು ಸಾಲು ಸೇರಿಸಿರುತ್ತಾರೆ. ಅದಕ್ಕೂ ಮೊದಲು ಸೋಪು ನೀರಲ್ಲಿ ಆ ಮೂಲೆಯ ರಬ್ಬರ್ ತೊಳೆದು ನೋಡಿ, ಜಿಡ್ಡು ಕೂತಿದ್ದರೂ ಜಾರುತ್ತದೆ.